ಖಾಲಿ ಬೋರ್ಡಿನ ಅಳತೆ

ಇಂದಿರಾನಗರದ ನೂರಡಿ ರಸ್ತೆಯ ಆಸುಪಾಸಿನಲ್ಲಿ ಹೊಸದಾಗಿ ಕೆಫೆ ತೆರೆಯಬೇಕೆನ್ನುವವರು ಮೊದಲು ಮಾಡಿಸುವುದು ಅಡುಗೆಮನೆಯನ್ನಲ್ಲ, ಒಂದು ಚಿತ್ರವನ್ನು. ಕಂಪ್ಯೂಟರಿನಲ್ಲಿ ಒಳಾಂಗಣವನ್ನು ಕಟ್ಟಿ, ಬೆಳಕು ಹಾಕಿ, ಫೋಟೋದಂತೆ ತೆಗೆದುಕೊಡುವ ಈ ಚಿತ್ರಕ್ಕೆ ನಮ್ಮ ವೃತ್ತಿಯಲ್ಲಿ ರೆಂಡರ್ ಎನ್ನುತ್ತಾರೆ. ಗಿರಾಕಿಗಳು ‘ತ್ರೀಡಿ’ ಎನ್ನುತ್ತಾರೆ. ಅದರಲ್ಲಿ ಏನಿರಬೇಕೆಂಬುದು ಈಗ ಹೆಚ್ಚುಕಡಿಮೆ ನಿಶ್ಚಯವಾಗಿಬಿಟ್ಟಿದೆ: ಪ್ಲಾಸ್ಟರ್ ಇಲ್ಲದ ಇಟ್ಟಿಗೆ ಗೋಡೆ, ನಡುವೆ ಎಲ್ಲರೂ ಸೇರಿ ಕೂರುವ ಉದ್ದನೆಯ ಮೇಜು, ಸುತ್ತ ಸೋಫಾ, ಸ್ಟೂಲು, ಇಬ್ಬರು ಕೂರುವ ಸಣ್ಣ ಮೇಜುಗಳು, ಕೌಂಟರಿನ ಮೇಲೆ ಮೂರು ಕಪ್ಪು ಬೋರ್ಡು. ಬೋರ್ಡುಗಳಲ್ಲಿ ಏನೂ ಬರೆದಿರುವುದಿಲ್ಲ. ತಿಂಡಿಯ ಪಟ್ಟಿ ಇನ್ನೂ ಆಗಿಲ್ಲ, ಆಮೇಲೆ ನೋಡೋಣ ಎಂದು ಖಾಲಿ ಬಿಡುತ್ತೇವೆ.

ಶಿವಾಜಿನಗರದ ಒಬ್ಬ ಯುವಕ ಇಂಥದೇ ಚಿತ್ರ ಬೇಕೆಂದು ನನ್ನ ಬಳಿ ಬಂದಿದ್ದ. ಮನೆಯವರದು ತಲೆಮಾರುಗಳಿಂದ ಚಹಾ ಹೋಟೆಲ್ ವ್ಯಾಪಾರ. ಇಂದಿರಾನಗರದಲ್ಲಿ ಹಳೆಯ ಮನೆಯೊಂದರ ನೆಲಮಹಡಿಯನ್ನು ಬಾಡಿಗೆಗೆ ಹಿಡಿದಿದ್ದ. ಅಗಲ 20 ಅಡಿ, ಉದ್ದ 40 ಅಡಿ. ಮೊದಲು ಬೇರೆಯವರಿಂದ ಮಾಡಿಸಿದ್ದ ಚಿತ್ರವೊಂದನ್ನು ಮೊಬೈಲಿನಲ್ಲಿ ತೋರಿಸಿದ. ನೋಡಲು ಚೆನ್ನಾಗಿಯೇ ಇತ್ತು.

ಇಂಥ ಚಿತ್ರವನ್ನು ಪರೀಕ್ಷಿಸಲು ಸುಲಭದ ದಾರಿಯೊಂದಿದೆ. ಬಾಗಿಲ ಪಕ್ಕದ ಇಟ್ಟಿಗೆ ಸಾಲುಗಳನ್ನು ಎಣಿಸಬೇಕು, ಅಷ್ಟೆ. ಮಾಲೂರು, ಹೊಸಕೋಟೆ ಕಡೆಯಿಂದ ನಮಗೆ ಬರುವ ಇಟ್ಟಿಗೆ ಸುಮಾರು 3 ಅಂಗುಲ ದಪ್ಪ. ನಡುವಿನ ಗಾರೆ ಅರ್ಧ ಅಂಗುಲ ಎಂದಿಟ್ಟುಕೊಂಡರೆ ಒಂದು ಸಾಲಿಗೆ ಮೂರೂವರೆ ಅಂಗುಲವಾಯಿತು. 7 ಅಡಿಯ ಬಾಗಿಲಿನ ಎತ್ತರಕ್ಕೆ 24 ಸಾಲು ಬರಬೇಕು. ಆ ಚಿತ್ರದಲ್ಲಿದ್ದದ್ದು 14. ಅಂದರೆ ಒಂದೊಂದು ಇಟ್ಟಿಗೆಯೂ ಹಾಲೋಬ್ಲಾಕಿನ ದಾರಿ ಹಿಡಿದಿತ್ತು. ಇಟ್ಟಿಗೆಯ ಫೋಟೋವನ್ನು ಗೋಡೆಗೆ ಅಂಟಿಸುವಾಗ ಅಳತೆ ಕೊಡದೆ ಎಳೆದುಬಿಟ್ಟರೆ ಹೀಗಾಗುತ್ತದೆ. ಕಪ್ಪಗೆ ಸುಟ್ಟ ಒಂದೇ ಇಟ್ಟಿಗೆ ಸಮ ಅಂತರದಲ್ಲಿ ಮತ್ತೆ ಮತ್ತೆ ಕಾಣಿಸುತ್ತಿದ್ದರೆ ಅದೂ ಇದೇ ಅವಸರದ ಗುರುತು. ಮೂಲೆಯ ಕುರ್ಚಿಗಳು ಅಗಲಕ್ಕೆ ಹಿಗ್ಗಿದಂತಿದ್ದರೆ ಕೋಣೆಯನ್ನು ದೊಡ್ಡದಾಗಿ ತೋರಿಸಲು ಅಗಲ ನೋಟದ ಲೆನ್ಸ್ ಬಳಸಿದ್ದಾರೆಂದು ತಿಳಿಯಬೇಕು.

ಅಳತೆ ಸರಿಪಡಿಸಿದ ಮೇಲೂ ಗೋಡೆಯ ಪ್ರಶ್ನೆ ಮುಗಿಯಲಿಲ್ಲ. ಪ್ಲಾಸ್ಟರ್ ಕಿತ್ತರೆ ಒಳಗೆ ಇಟ್ಟಿಗೆ ಇದ್ದೇ ಇದೆಯಲ್ಲ ಎಂದು ಅವನ ವಾದ. ಇತ್ತು, ಆದರೆ ಅದು ಪ್ಲಾಸ್ಟರಿನಡಿ ಮುಚ್ಚಿಹೋಗಲಿಕ್ಕೆಂದೇ ಕಟ್ಟಿದ ಗೋಡೆ. ಒಂದು ಕಡೆ ಎರಡಡಿ ಕಿತ್ತು ನೋಡಿದೆವು. ಮುರುಕು ಇಟ್ಟಿಗೆ, ಎಲ್ಲೆಂದರಲ್ಲಿ ಬಳಿದ ಸಿಮೆಂಟು, ಕರೆಂಟಿನ ಪೈಪಿಗೆ ಕೊರೆದು ಮುಚ್ಚಿದ ಗೀರು. ಕಂಟೋನ್ಮೆಂಟಿನ ಹಳೆಯ ಬಂಗಲೆಗಳಲ್ಲಿ ಇದಕ್ಕಿಂತ ದೊಡ್ಡ ಅಪಾಯವಿದೆ. ಅಲ್ಲಿನ ಮೆತ್ತನೆಯ ಇಟ್ಟಿಗೆಗೆ ಸುಣ್ಣದ ಗಾರೆಯೇ ಚರ್ಮ. ಅದನ್ನು ಸುಲಿದು ಸಂದುಗಳಿಗೆ ಸಿಮೆಂಟ್ ತುಂಬಿದರೆ ಗೋಡೆಯ ತೇವ ಸಂದಿನಿಂದ ಹೊರಬರಲಾರದೆ ಇಟ್ಟಿಗೆಯ ಮೂಲಕವೇ ಬರುತ್ತದೆ. ಬಿಳಿ ಉಪ್ಪು ಹೂವಿನಂತೆ ಮೇಲೇಳುತ್ತದೆ, ಆಮೇಲೆ ಇಟ್ಟಿಗೆಯ ಮುಖವೇ ಪುಡಿಯಾಗಿ ಉದುರುತ್ತದೆ. ಹುಡುಗ ಕೊನೆಗೆ ಇಟ್ಟಿಗೆಯನ್ನು ಹೋಲುವ ಮುಕ್ಕಾಲು ಅಂಗುಲದ ಬಿಲ್ಲೆಗಳನ್ನು ಒಂದೇ ಗೋಡೆಗೆ ಹಾಕಿಸಲು ಒಪ್ಪಿದ. ಅಂಟಿಸಿದ್ದೆಂದು ಗೊತ್ತಾಗುವುದು ಮೂಲೆಯಲ್ಲಿ. ನಿಜವಾದ ಗೋಡೆಯ ಮೂಲೆಯಲ್ಲಿ ಒಂದು ಸಾಲಿಗೆ ಇಟ್ಟಿಗೆಯ ಉದ್ದ, ಮುಂದಿನ ಸಾಲಿಗೆ ಅಗಲ ಕಾಣುತ್ತದೆ. ಅಂಟಿಸಿದಲ್ಲಿ ಬಿಲ್ಲೆಯ ತೆಳು ಅಂಚು ಇಣುಕುತ್ತದೆ. ಅದಕ್ಕೇ ಮೂಲೆಗೆಂದು ಮಾಡಿದ ಎಲ್ ಆಕಾರದ ಬಿಲ್ಲೆಗಳನ್ನು ತರಿಸಿದೆವು.

ಮೇಜಿನ ವಿಷಯದಲ್ಲಿ ಮಾತನಾಡಿದ್ದು ಅವನ ತಾಯಿ. ಚಿತ್ರದ ಉದ್ದನೆಯ ಮೇಜು 42 ಅಂಗುಲ ಎತ್ತರದ್ದು, ಅದಕ್ಕೆ 30 ಅಂಗುಲದ ಸ್ಟೂಲುಗಳು. ಈಗಿನ ಫ್ಯಾಷನ್ ಅದೇ. ಆ ತಾಯಿ ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿ, “ಇದರಲ್ಲಿ ನಾನು ಎಲ್ಲಿ ಕೂರಬೇಕು ಬೇಟಾ?” ಎಂದರು. ಮಗ ಮೂಲೆಯ ಸೋಫಾ ತೋರಿಸಿದ. “ಅಂದರೆ ಮುದುಕರನ್ನೆಲ್ಲ ಮೂಲೆಗೆ ಹಾಕಿದ್ದೀಯ” ಎಂದು ಅವರು ನಕ್ಕುಬಿಟ್ಟರು.

ಎಲ್ಲರೂ ಒಟ್ಟಿಗೆ ಕೂರುವ ಮೇಜು ಇಂದಿರಾನಗರಕ್ಕೆ ಹೊಸದಿರಬಹುದು, ಶಿವಾಜಿನಗರಕ್ಕಲ್ಲ. ರಸೆಲ್ ಮಾರ್ಕೆಟ್ ಸುತ್ತಲಿನ ಚಹಾ ಹೋಟೆಲುಗಳಲ್ಲಿ ಎದುರಿನ ಕುರ್ಚಿ ಖಾಲಿ ಇದ್ದರೆ ಯಾರು ಬೇಕಾದರೂ ಬಂದು ಕೂರುತ್ತಾರೆ. ಮಾಂಸದಂಗಡಿಯವನು, ಆಟೋದವನು, ಆಫೀಸಿನವನು, ಯಾರೂ ಅನುಮತಿ ಕೇಳುವುದಿಲ್ಲ. ಆದರೆ ಅಲ್ಲಿನ ಮೇಜು 30 ಅಂಗುಲದ್ದು, ಕುರ್ಚಿ 18 ಅಂಗುಲದ್ದು. ಒಂದಡಿ ಎತ್ತರ ಹೆಚ್ಚಿಸಿದ ಕೂಡಲೇ ಅಜ್ಜಿಯೂ ಮಗುವೂ ಮಂಡಿ ನೋವಿನವನೂ ‘ಎಲ್ಲರ’ ಪಟ್ಟಿಯಿಂದ ಹೊರಗೆ ಬೀಳುತ್ತಾರೆ. ಇನ್ನೊಂದನ್ನೂ ಹೇಳಬೇಕು. ಅದೇ ಹೋಟೆಲುಗಳಲ್ಲಿ ಹೆಂಗಸರು ಮಕ್ಕಳಿಗೆಂದು ‘ಫ್ಯಾಮಿಲಿ ರೂಮ್’ ಬೇರೆಯಿರುತ್ತಿತ್ತು. ಒಟ್ಟಿಗೆ ಕೂರುವ ಆ ಸಲಿಗೆ ಗಂಡಸರ ನಡುವಿನದಾಗಿತ್ತು. ಹೊಸ ಕೆಫೆಯಲ್ಲಿ ಪರದೆಯ ಕೋಣೆ ಬೇಡವೆಂದು ಹೇಳಿದ್ದು ಆ ತಾಯಿಯೇ. ಗೋಡೆಗುಂಟ ಒರಗುವ ಬೆಂಚು ಇರಲಿ, ಬೆನ್ನಿಗೆ ಗೋಡೆಯಿದ್ದರೆ ಸಾಕು ಎಂದರು.

ಹಾಗಾಗಿ ಉದ್ದದ ಮೇಜನ್ನು 30 ಅಂಗುಲಕ್ಕೆ ಇಳಿಸಿದೆವು. ಒಬ್ಬರಿಗೆ ಎರಡಡಿಯಂತೆ 8 ಅಡಿ ಉದ್ದಕ್ಕೆ ಎಂಟು ಜನ. ಒಂದು ತುದಿಯಲ್ಲಿ ಕುರ್ಚಿಯಿಡದೆ ಗಾಲಿಕುರ್ಚಿಗೆ ಜಾಗ. ಸ್ಟೂಲುಗಳು ನಾಲ್ಕೇ ಉಳಿದವು, ಕಿಟಕಿಯ ಪಕ್ಕದಲ್ಲಿ.

ಉಳಿದದ್ದು ಬೋರ್ಡು. ಖಾಲಿ ಬೋರ್ಡು ಕಡೆಗೆ ಯಾರೂ ಗಮನ ಕೊಡುವುದಿಲ್ಲ. ನಿಜ ಹೇಳಬೇಕೆಂದರೆ ಅದಕ್ಕಾಗಿಯೂ ಖಾಲಿ ಬಿಡುತ್ತೇವೆ. ‘ಚಹಾ 40 ರೂಪಾಯಿ’ ಎಂದು ಬರೆದರೆ ಗಿರಾಕಿ ಗೋಡೆ ಮೇಜುಗಳನ್ನು ಬಿಟ್ಟು ರೇಟಿನ ಚರ್ಚೆಗೆ ಕೂತುಬಿಡುತ್ತಾನೆ. ಆದರೆ ಬಡಗಿಗೆ ಅಳತೆ ಹೋಗುವುದು ಇದೇ ಚಿತ್ರದಿಂದ. ಬರೆಯುವುದು ಆಮೇಲೆ, ಚೌಕಟ್ಟು ಈಗಲೇ. ಆ ಚೌಕಟ್ಟನ್ನು ಬಹುತೇಕ ಇಂಗ್ಲಿಷ್ ಅಕ್ಷರವನ್ನು ಮನಸ್ಸಿನಲ್ಲಿಟ್ಟುಕೊಂಡೇ ಎಳೆದಿರುತ್ತಾರೆ.

ಲೆಕ್ಕ ಹೀಗಿದೆ. 10 ಅಡಿ ದೂರದಿಂದ ಆರಾಮವಾಗಿ ಓದಲು ಅಕ್ಷರ ಒಂದಂಗುಲವಾದರೂ ಇರಬೇಕು. ಇಂಗ್ಲಿಷಿನಲ್ಲಿ ಅಂಥ ಸಾಲಿಗೆ 2 ಅಂಗುಲ ಸಾಕು. ಕನ್ನಡದಲ್ಲಿ ‘ಇಡ್ಲಿ’, ‘ಬೆಣ್ಣೆ’, ‘ಬನ್ ಮಸ್ಕಾ’ ಬರೆದು ನೋಡಿ. ಒತ್ತಕ್ಷರ ಕೆಳಗಿಳಿಯುತ್ತದೆ, ಕೆಳಗಿನ ಸಾಲಿನ ಗುಡಿಸು ಮೇಲೇರಿ ಅದಕ್ಕೆ ತಾಗುತ್ತದೆ. 3 ಅಂಗುಲ ಬೇಕೇ ಬೇಕು. ಚಿತ್ರದ ಬೋರ್ಡು 3 ಅಡಿ ಎತ್ತರ. ತಲೆಬರಹಕ್ಕೆ 4 ಅಂಗುಲ ಕಳೆದರೆ ಇಂಗ್ಲಿಷಿನಲ್ಲಿ 16 ತಿಂಡಿ, ಕನ್ನಡದಲ್ಲಿ 10. ಎರಡನ್ನೂ ಒಂದರ ಕೆಳಗೊಂದು ಬರೆದರೆ ಆರೇ. ಆಗ ಎಲ್ಲರೂ ಮಾಡುವುದು ಒಂದೇ: ಕನ್ನಡವನ್ನು ಚಿಕ್ಕದು ಮಾಡುವುದು, ಇಲ್ಲವೇ ಬಿಟ್ಟುಬಿಡುವುದು. 2024ರ ತಿದ್ದುಪಡಿಯಂತೆ ಅಂಗಡಿಯ ನಾಮಫಲಕದಲ್ಲಿ ಶೇ. 60 ಕನ್ನಡವಿರಬೇಕು. ಒಳಗಿನ ಬೋರ್ಡಿನಲ್ಲಿ ಕನ್ನಡ ಉಳಿಯುವುದು ಬಡಗಿಯ ಅಂಗುಲದಿಂದ.

ಮೂರು ಬೋರ್ಡುಗಳನ್ನು ಸೇರಿಸಿ 6 ಅಡಿ ಅಗಲ, 4 ಅಡಿ ಎತ್ತರದ ಒಂದೇ ಬೋರ್ಡು ಮಾಡಿದೆ. ಎಡಕ್ಕೆ ಕನ್ನಡ, ನಡುವೆ ಬೆಲೆ, ಬಲಕ್ಕೆ ಇಂಗ್ಲಿಷ್. ಹದಿನಾಲ್ಕು ಸಾಲು ಬಂತು. ಉರ್ದು ಎಲ್ಲಿ ಎಂದು ತಾಯಿ ಕೇಳಿದರು. ನಸ್ತಾಲೀಕ್ ಲಿಪಿ ಬಲದಿಂದ ಎಡಕ್ಕೆ ಇಳಿಜಾರಾಗಿ ಇಳಿಯುವುದರಿಂದ ಕನ್ನಡಕ್ಕಿಂತಲೂ ಹೆಚ್ಚು ಎತ್ತರ ಕೇಳುತ್ತದೆ. ಸಾಲಿಗೆ 4 ಅಂಗುಲ ಕೊಟ್ಟರೆ ಬೋರ್ಡಿನಲ್ಲಿ ಹನ್ನೊಂದೇ ತಿಂಡಿ. ಉರ್ದುವನ್ನು ಮೇಜಿನ ಮೇಲಿನ ಕಾರ್ಡಿನಲ್ಲಿ ಹಾಕೋಣ ಎಂದ ಮಗ. ಹಾಗಾದರೆ ಯಾವ ಮೂರು ತಿಂಡಿ ಬಿಟ್ಟರೆ ಅದಕ್ಕೆ ಜಾಗವಾಗುತ್ತದೆ ಎಂದು ತಾಯಿ ಪಟ್ಟಿ ತರಲು ಹೇಳಿದರು. ಎರಡನ್ನು ಅಲ್ಲೇ ಹೊಡೆದುಹಾಕಿದರು. ಮೂರನೆಯದು ಪಾಸ್ತಾವೋ ಖೀಮಾ ಸಮೋಸವೋ ಎಂಬುದು ಇತ್ಯರ್ಥವಾಗುವವರೆಗೆ ಬಡಗಿಗೆ ಅಳತೆ ಕಳಿಸಬೇಡಿ ಎಂದಿದ್ದಾರೆ.