ಸೇವಾ ಪುಸ್ತಕದಲ್ಲಿರುವ ಊರು

2010ರಲ್ಲಿ ನನಗೂ ನನ್ನ ಸಹಪಾಠಿಯೊಬ್ಬನಿಗೂ ಶಾರ್ಜಾದ ಒಂದೇ ಶಾಲೆಯಿಂದ ಕರೆ ಬಂದಿತ್ತು. ಇಬ್ಬರೂ ಧಾರವಾಡದಲ್ಲಿ ಇಂಗ್ಲಿಷ್ ಎಂ.ಎ., ಅನಂತರ ಬಿ.ಎಡ್. ಮುಗಿಸಿದವರು. ಅವನು ಹುಬ್ಬಳ್ಳಿಯ ಖಾಸಗಿ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದ. ನಾನು 2003ರ ಜೂನ್‌ನಿಂದ ಪುಣೆಯಲ್ಲಿ ಕೇಂದ್ರ ಸರ್ಕಾರದ ಕಚೇರಿಯೊಂದರ ಲೆಕ್ಕಪತ್ರ ವಿಭಾಗದಲ್ಲಿದ್ದೆ. ಶಾರ್ಜಾದ ಸಂಬಳ ನನ್ನ ಕೈಗೆ ಬರುತ್ತಿದ್ದುದರ ಮೂರು ಪಟ್ಟು. ಅದಕ್ಕೆ ಆದಾಯ ತೆರಿಗೆಯೂ ಇಲ್ಲ. ಅವನು ಹೋದ. ನಾನು ಉಳಿದೆ. ಕೇಳಿದವರಿಗೆಲ್ಲ, ಊರಿನಲ್ಲಿ ಅವ್ವ ಒಬ್ಬಳೇ ಇದ್ದಾಳೆ ಎಂದು ಹೇಳಿದೆ.

ನಿಜವಾದ ಕಾರಣ ನಿಯಮ ಪುಸ್ತಕದಲ್ಲಿತ್ತು. ಸರ್ಕಾರವೇ ಒಬ್ಬನನ್ನು ವಿದೇಶಕ್ಕೆ ನಿಯೋಜಿಸಿದರೆ ಹುದ್ದೆಯ ಮೇಲಿನ ಅವನ ಹಕ್ಕು ಉಳಿಯುತ್ತದೆ. ತಾನೇ ಹುಡುಕಿಕೊಂಡ ಕೆಲಸಕ್ಕೆ ಆ ರಕ್ಷಣೆ ಇಲ್ಲ. ವೇತನರಹಿತ ರಜೆ ಪಡೆಯಬಹುದು, ಆದರೆ ರಜೆಯಲ್ಲಿದ್ದುಕೊಂಡು ಅನುಮತಿಯಿಲ್ಲದೆ ಬೇರೆಡೆ ದುಡಿಯುವಂತಿಲ್ಲ. ರಾಜೀನಾಮೆ ಕೊಟ್ಟರೆ ಅದುವರೆಗಿನ ಸೇವೆಯೆಲ್ಲ ಲೆಕ್ಕದಿಂದ ಅಳಿಸಿಹೋಗುತ್ತದೆ. ನನ್ನ ಏಳು ವರ್ಷಗಳಿಗೆ ಇನ್ನೊಂದು ಬೆಲೆಯೂ ಇತ್ತು. 2004ರ ಜನವರಿ 1ಕ್ಕೆ ಮೊದಲು ಸೇರಿದವನಾದ್ದರಿಂದ ನಾನು ಹಳೆಯ ಪಿಂಚಣಿಗೆ ಸೇರಿದವನು: ನಿವೃತ್ತಿಯ ಬಳಿಕ ಕೊನೆಯ ಮೂಲವೇತನದ ಅರ್ಧ, ಅದರ ಮೇಲೆ ತುಟ್ಟಿ ಪರಿಹಾರ, ಬದುಕಿರುವವರೆಗೆ. ಮೂವತ್ತು ದಾಟಿದ ನಾನು ಒಮ್ಮೆ ಹೊರಬಿದ್ದರೆ ವಯೋಮಿತಿ ದಾಟಿ ಮತ್ತೆ ಒಳಬರುವುದು ಸಾಧ್ಯವಿರಲಿಲ್ಲ. ‘ಕೆಲವು ವರ್ಷ ಹೋಗಿ ಬರುತ್ತೇನೆ’ ಎಂಬ ಮಾತಿನಲ್ಲಿ ‘ಹೋಗಿ’ ಎನ್ನುವುದು ನನ್ನ ಕೈಯಲ್ಲಿತ್ತು, ‘ಬರುತ್ತೇನೆ’ ಎನ್ನುವುದು ಇರಲಿಲ್ಲ.

ಗೆಳೆಯ ಹನ್ನೊಂದು ವರ್ಷ ಅಲ್ಲಿದ್ದು 2021ರಲ್ಲಿ ಮರಳಿದ. ಅಲ್ಲಿ ಹೊರನಾಡಿನ ನೌಕರರಿಗೆ ಪಿಂಚಣಿ ಇಲ್ಲ. ಬಿಡುವಾಗ ಸೇವಾ ಉಪದಾನ ಕೊಡುತ್ತಾರೆ. ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನಗಳ, ಆಮೇಲೆ ವರ್ಷಕ್ಕೆ 30 ದಿನಗಳ ಮೂಲವೇತನ. ಅವನಿಗೆ ಒಟ್ಟು 285 ದಿನಗಳದ್ದಾಯಿತು, ಎಂದರೆ ಒಂಬತ್ತೂವರೆ ತಿಂಗಳು. ಆದರೆ ಅವನ ಸಂಬಳದಲ್ಲಿ ಮೂಲವೇತನ ಅರ್ಧದಷ್ಟೇ; ಉಳಿದದ್ದು ಮನೆ ಬಾಡಿಗೆ ಮತ್ತಿತರ ಭತ್ಯೆ. ಹಾಗಾಗಿ ಹನ್ನೊಂದು ವರ್ಷದ ದುಡಿಮೆಗೆ ಕೊನೆಯಲ್ಲಿ ದಕ್ಕಿದ್ದು ಐದು ತಿಂಗಳ ಸಂಬಳಕ್ಕೂ ಕಡಿಮೆ. ಉಳಿಕೆ ಎಂದರೆ ಅವನು ತಿಂಗಳು ತಿಂಗಳು ಕಳುಹಿಸಿದ್ದೇ. ಅದರಿಂದ ಇಬ್ಬರು ತಂಗಿಯರ ಮದುವೆಯಾಯಿತು, ಧಾರವಾಡದಲ್ಲಿ ಸಾಲವಿಲ್ಲದ ಮನೆಯೆದ್ದಿತು. ನನ್ನ ಪುಣೆಯ ಫ್ಲ್ಯಾಟಿನ ಕಂತು ಇನ್ನೂ ಹನ್ನೊಂದು ವರ್ಷ ಇದೆ.

ಅವನು ಬೆಲೆ ತೆತ್ತದ್ದು ಮರಳಿದ ಮೇಲೆ. ನಲವತ್ತೆರಡನೆಯ ವಯಸ್ಸಿನಲ್ಲಿ ಹುಬ್ಬಳ್ಳಿಯ ಶಾಲೆಗೆ ಅರ್ಜಿ ಹಾಕಿದಾಗ, ಒಂದು ಕಾಲಕ್ಕೆ ಅವನ ಕೈಕೆಳಗೆ ಕಲಿಸುತ್ತಿದ್ದಾಕೆ ಪ್ರಾಂಶುಪಾಲೆಯಾಗಿ ಎದುರು ಕುಳಿತಿದ್ದರು. ಅವನ ಹೊರಗಿನ ಅನುಭವಕ್ಕೆ ಅಲ್ಲಿ ಹೆಚ್ಚಿನ ತೂಕ ಸಿಗಲಿಲ್ಲ. ಹೊಸಬರ ಸಂಬಳಕ್ಕಿಂತ ತುಸು ಮೇಲಿನದಕ್ಕೆ ಒಪ್ಪಿಕೊಂಡ. ಹೋಗುವಾಗ ಸಂಬಳವನ್ನು ನೋಡಿದ್ದೆವು. ಮರಳುವ ವಯಸ್ಸಿಗೆ ಊರಿನಲ್ಲಿ ಯಾವ ಕುರ್ಚಿ ಕಾದಿರುತ್ತದೆ ಎಂದು ಇಬ್ಬರೂ ಕೇಳಿಕೊಂಡಿರಲಿಲ್ಲ.

ಇಷ್ಟು ಹೇಳಿ ನನ್ನ ಆಯ್ಕೆಯೇ ಸರಿಯೆಂದು ಮುಗಿಸಬಹುದಿತ್ತು. ಆದರೆ ಕಳೆದ ತಿಂಗಳು ಬೇರೆ ಕೆಲಸಕ್ಕೆಂದು ನನ್ನ ಸೇವಾ ಪುಸ್ತಕವನ್ನು ನೋಡಬೇಕಾಯಿತು. ‘ಸ್ವಗ್ರಾಮ: ಧಾರವಾಡ’ ಎಂದು 2003ರಲ್ಲಿ ನಾನೇ ಬರೆದುಕೊಟ್ಟದ್ದು ಅಲ್ಲಿದೆ. ನಾಲ್ಕು ವರ್ಷದ ಒಂದೊಂದು ಬ್ಲಾಕ್‌ನಲ್ಲಿ ಸ್ವಗ್ರಾಮಕ್ಕೆ ಎರಡು ಬಾರಿ ಹೋಗಿಬರಲು ಸರ್ಕಾರ ಪ್ರಯಾಣ ವೆಚ್ಚ ಕೊಡುತ್ತದೆ. ಅದನ್ನು ಬೇರೆಡೆಯ ಪ್ರವಾಸಕ್ಕೂ ಬದಲಿಸಿಕೊಳ್ಳಬಹುದು. 2010ರಿಂದ 2021ರವರೆಗೆ ಮೂರು ಬ್ಲಾಕ್‌ಗಳು, ಆರು ಅವಕಾಶಗಳು. ಧಾರವಾಡಕ್ಕೆ ಬಳಸಿದ್ದು ಎರಡು ಮಾತ್ರ. ಉಳಿದವು ಅಂಡಮಾನ್, ಕಾಶ್ಮೀರ, ಗುವಾಹಟಿ ಕಡೆ ಹೋದವು. ನನ್ನ ಖರ್ಚಿನಲ್ಲಿ ಹೋದ ದಿನಗಳನ್ನೂ ರಜೆಯ ಲೆಕ್ಕದಿಂದ ಹೆಕ್ಕಿ ಎಣಿಸಿದೆ. ವರ್ಷಕ್ಕೆ ಸರಾಸರಿ ಹನ್ನೆರಡು ದಿನ. ಶಾರ್ಜಾದ ಗೆಳೆಯ ಪ್ರತಿ ಬೇಸಿಗೆ ರಜೆಯಲ್ಲಿ ಒಂದು ತಿಂಗಳು ಅವನ ಅವ್ವನ ಜೊತೆ ಇರುತ್ತಿದ್ದ.

ರಾತ್ರಿ ಪುಣೆಯಲ್ಲಿ ಬಸ್ಸು ಹತ್ತಿದರೆ ಬೆಳಗಿನ ಚಹಾ ಧಾರವಾಡದಲ್ಲಿ. ಯಾವಾಗ ಬೇಕಾದರೂ ಹೋಗಬಹುದೆಂಬ ಆ ನೆಮ್ಮದಿಯೇ ನನ್ನನ್ನು ಹೋಗಗೊಡಲಿಲ್ಲ. 2017ರ ಮಾರ್ಚ್‌ನಲ್ಲಿ ಅವ್ವನಿಗೆ ಜ್ವರವೆಂದು ಅಕ್ಕ ಫೋನು ಮಾಡಿದಾಗ, ವರ್ಷಾಂತ್ಯದ ಲೆಕ್ಕ ಮುಗಿಸಿ 1ನೇ ತಾರೀಖು ಹೊರಡುತ್ತೇನೆಂದೆ. 29ರಂದೇ ಹೊರಡಬೇಕಾಯಿತು. ನಾನು ತಲುಪುವಷ್ಟರಲ್ಲಿ ಅವ್ವ ಇರಲಿಲ್ಲ.

ಇದನ್ನು ಗೆಳೆಯನಿಗೆ ಹೇಳಿದಾಗ ಅವನು ಬಹಳ ಹೊತ್ತು ಸುಮ್ಮನಿದ್ದು, “ನಾ ಹೋದೆ, ನೀ ಉಳದಿ ಅಂತ ಮಂದಿ ಅಂತಾರ. ಊರಾಗಂತೂ ಇಬ್ಬರೂ ಇರಲಿಲ್ಲ ನೋಡು” ಎಂದ.

ಪಿಂಚಣಿಯ ವಿಷಯದಲ್ಲಿ ನನ್ನ ಲೆಕ್ಕ ಸರಿಯಾಗಿಯೇ ಇತ್ತು. ಇಂದು ಕೇಳಿದರೂ ರಾಜೀನಾಮೆ ಕೊಡಲಾರೆ. ಆದರೆ ಆ ನಿರ್ಧಾರಕ್ಕೆ ಅವ್ವನ ಹೆಸರು ಕೊಡಬಾರದಿತ್ತು.