ಗಂಟನ್ನು ಹಂಚಿಡುವ ಬಗೆ

ನಮ್ಮ ನೆರೆಯ ಗೃಹಸ್ಥರೊಬ್ಬರು ಮಗಳ ವಿದ್ಯಾಭ್ಯಾಸಕ್ಕೆಂದು ಕೂಡಿಸಿದ್ದ ಹಣವನ್ನೆಲ್ಲ ಐದು ಕಂಪೆನಿಗಳ ಷೇರುಗಳಲ್ಲಿ ತೊಡಗಿಸಿ, "ಐದು ಕಡೆ ಹಂಚಿದ್ದೇನೆ, ಭಯವಿಲ್ಲ" ಎಂದು ನಮ್ಮೊಡನೆ ಹೇಳಿದ್ದುಂಟು. ಹೆಸರುಗಳು ಐದಿದ್ದುವು, ಬಗೆ ಮಾತ್ರ ಒಂದೇ. ಒಂದೇ ಕಾರಣದಿಂದ ಬೀಳುವ ವಸ್ತುಗಳು ಎಷ್ಟಿದ್ದರೇನು?

2008ರಲ್ಲಿ ಮುಂಬಯಿಯ ಸೆನ್ಸೆಕ್ಸ್ ಸೂಚ್ಯಂಕವು ನೂರಕ್ಕೆ 52ರಷ್ಟು ಕುಸಿಯಿತು. ಅದರಂತೆಯೇ ನಡೆವ ಷೇರುಗಳಲ್ಲಿ 1 ಲಕ್ಷ ರೂಪಾಯಿಯಿಟ್ಟವರಿಗೆ ಉಳಿದುದು 48 ಸಾವಿರ. ಮರುವರ್ಷ ಸೂಚ್ಯಂಕವು ನೂರಕ್ಕೆ 81ರಷ್ಟು ಏರಿತು. ಆದರೂ ಅವರ ಗಂಟು 87 ಸಾವಿರವನ್ನು ದಾಟಲಿಲ್ಲ. ಅರ್ಧ ಹೋದುದನ್ನು ತುಂಬಲು ಉಳಿದರ್ಧವು ಇಮ್ಮಡಿಯಾಗಬೇಕಷ್ಟೆ.

ಅದೇ ಲಕ್ಷದಲ್ಲಿ 40 ಸಾವಿರವನ್ನು ಷೇರುಗಳಲ್ಲಿಯೂ, 40 ಸಾವಿರವನ್ನು ನೂರಕ್ಕೆ 8ರ ಬಡ್ಡಿಯ ಬ್ಯಾಂಕ್ ಠೇವಣಿಯಲ್ಲಿಯೂ, 20 ಸಾವಿರವನ್ನು ಚಿನ್ನದಲ್ಲಿಯೂ ಇಟ್ಟಿದ್ದರೆಂದು ಭಾವಿಸೋಣ. ಷೇರು 19 ಸಾವಿರಕ್ಕಿಳಿದು, ಠೇವಣಿಯು 43 ಸಾವಿರವಾಗಿ, ಚಿನ್ನವು ಇದ್ದಂತೆಯೇ ಇದ್ದರೂ (ವಸ್ತುತಃ ಏರಿತ್ತು) 82 ಸಾವಿರ ಉಳಿಯುತ್ತಿತ್ತು. ಎರಡನೆಯ ವರ್ಷದ ಕೊನೆಗೆ ಲಕ್ಷವು ಮರಳುತ್ತಿತ್ತು. ಆ ನಡುವೆ ಕಾಲೇಜಿನ ಶುಲ್ಕ ಕಟ್ಟಬೇಕಾಗಿ ಬಂದರೆ, ಬಿದ್ದ ಷೇರನ್ನು ಮಾರದೆ ಠೇವಣಿಯಿಂದಲೇ ತೆಗೆಯಬಹುದಾಗಿತ್ತು. ನಮಗೆ ಲೆಕ್ಕಕ್ಕಿಂತಲೂ ಇದೇ ಹೆಚ್ಚಿನದೆಂದು ತೋರುತ್ತದೆ.

ಇದಕ್ಕೆ ತೆರುವ ಬೆಲೆಯೂ ಉಂಟು: 2009ರಂತಹ ವರ್ಷಗಳಲ್ಲಿ ಹಂಚಿಟ್ಟವರ ಲಾಭವು ಉಳಿದವರದಕ್ಕಿಂತ ಬಹಳ ಕಡಮೆ. ಠೇವಣಿಯಲ್ಲಿಯೂ ಹೆಸರಿಗೆ ಮೋಸಹೋಗಬಾರದು. ಬ್ಯಾಂಕು ಮುರಿದರೆ ದೊರೆಯುವ ವಿಮೆಯನ್ನು 2020ರಲ್ಲಿ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷಕ್ಕೆ ಏರಿಸಿದರು. ಅದೇ ಬ್ಯಾಂಕಿನ ನಾಲ್ಕು ಶಾಖೆಗಳಲ್ಲಿ ಇಟ್ಟರೂ ಎಲ್ಲವನ್ನೂ ಕೂಡಿಸಿಯೇ ಎಣಿಸುತ್ತಾರೆ.