ಕಸಮ್ ಪರೇಡಿನ ಫೋಟೊ ಕೆಳಗೆ ಏನು ಬರೆಯಬೇಕು?

ನಮ್ಮ ಕಡೆ ಮಗ ಸೈನ್ಯ ಸೇರಿದ ಸುದ್ದಿ ಮೊದಲು ವಾಟ್ಸ್‌ಆ್ಯಪ್ ಸ್ಟೇಟಸ್ಸಿಗೆ ಬರುತ್ತದೆ, ಆಮೇಲೆ ಬಸ್ ಸ್ಟ್ಯಾಂಡಿನ ಫ್ಲೆಕ್ಸಿಗೆ. ಫೋಟೊಗಳು ಎಲ್ಲರ ಮನೆಯವೂ ಹೆಚ್ಚು ಕಡಿಮೆ ಒಂದೇ ಥರ ಇರುತ್ತವೆ: ಇಸ್ತ್ರಿ ಮುರಿಯದ ಯೂನಿಫಾರ್ಮ್, ಬಿಗಿದ ಮುಖ, ಪಕ್ಕದಲ್ಲಿ ಹೊಸ ಸೀರೆಯ ತಾಯಿ. ಕೆಳಗಿನ ಎರಡು ಸಾಲು ಮಾತ್ರ ಆಯಾ ಮನೆಯವರ ಸ್ವಂತದ್ದು. ಪತ್ರಿಕೋದ್ಯಮ ಓದಿದವನು ಅಂತ ಊರಲ್ಲಿ ಆ ಸಾಲು ಬರೆಯುವ ಕೆಲಸ ನನ್ನ ಪಾಲಿಗೆ ಬರುತ್ತದೆ. ಈ ಸಲ ನಮ್ಮ ಕಾಕಾನ ಮಗನದೇ ಬಂತು.

ತಮ್ಮ ಅಗ್ನಿವೀರನಾಗಿ ಬೆಳಗಾವಿಯ ಮರಾಠಾ ಲೈಟ್ ಇನ್‌ಫೆಂಟ್ರಿ ರೆಜಿಮೆಂಟಲ್ ಸೆಂಟರಿನಲ್ಲಿ ತರಬೇತಿ ಮುಗಿಸಿದ. 31 ವಾರ, ಅಂದರೆ ಸುಮಾರು ಏಳು ತಿಂಗಳು. ಪರೇಡ್ ನೋಡಲು ಕಾಕಾ, ಕಾಕು, ಅಜ್ಜ ಎಲ್ಲ ಹೋಗಿ ಬಂದರು. ಬಂದ ರಾತ್ರಿಯೇ ಕಾಕಾ ತಾನೇ ಬರೆದ ಸಾಲುಗಳನ್ನು ನನ್ನ ಮೊಬೈಲಿಗೆ ಕಳಿಸಿದರು. ಹೆಸರು, ನಂಬರ್ ಬಿಟ್ಟು ಅದನ್ನು ಇಲ್ಲಿ ಕೊಡುತ್ತೇನೆ:

"ಇಂಡಿಯನ್ ಆರ್ಮಿ ಕಮಾಂಡೋ ಆಗಿ ಆಯ್ಕೆಯಾಗಿ, ಪಾಸಿಂಗ್ ಔಟ್ ಪರೇಡಿನಲ್ಲಿ ಗೌರವ್ ಪದಕ ಪಡೆದ ನಮ್ಮ ಮನೆತನದ ಕುಡಿ, ವೀರ ಯೋಧ (ಹೆಸರು, ಆರ್ಮಿ ನಂಬರ್). ಇದೇ ತಿಂಗಳು (ತಾರೀಖು) ಬೆಳಗಾವಿಯಿಂದ ರೈಲಿನಲ್ಲಿ ಹೊರಟು (ಊರು) ಗಡಿಯ (ನಂಬರ್) ಬೆಟಾಲಿಯನ್ ಸೇರಲಿದ್ದಾರೆ."

"ಹೆಂಗೈತಿ? ತಪ್ಪಿದ್ರ ತಿದ್ದು, ಆದ್ರ ಸಣ್ಣದು ಮಾಡಬ್ಯಾಡ" ಅಂದರು ಕಾಕಾ.

ಓದಲು ಚೆನ್ನಾಗಿಯೇ ಇತ್ತು. ಆದರೆ ಒಂದೊಂದೇ ಪದ ಹಿಡಿದು ನೋಡಿದರೆ ಕೆಲವು ನಿಜವಲ್ಲ, ಇನ್ನು ಕೆಲವು ನಿಜವಾಗಿದ್ದರೂ ಹೊರಗೆ ಹೇಳಬಾರದವು. ಮರುದಿನ ಕಟ್ಟೆಯ ಮೇಲೆ ಕೂತು ಇಬ್ಬರೂ ಒಂದೊಂದಾಗಿ ನೋಡಿದೆವು.

ಮೊದಲು "ಕಮಾಂಡೋ". ಬೆಳಗಾವಿಯಲ್ಲಿ ಸೈನ್ಯದ ಕಮಾಂಡೋ ತರಬೇತಿ ಶಾಲೆಯೂ ಇದೆ. ಹಾಗಾಗಿ ಬೆಳಗಾವಿಯಲ್ಲಿ ತರಬೇತಿ ಮುಗಿಸಿದವರೆಲ್ಲ ಕಮಾಂಡೋ ಅಂತ ನಮ್ಮ ಭಾಗದಲ್ಲಿ ತಿಳಿದವರು ಬಹಳ. ಆ ಶಾಲೆ ಬೇರೆ, ರೆಜಿಮೆಂಟಲ್ ಸೆಂಟರ್ ಬೇರೆ. ಹೊಸ ಹುಡುಗರನ್ನು ಕಾಲಾಳು ಪಡೆಯ ಸೈನಿಕರನ್ನಾಗಿ ಮಾಡುವುದು ಸೆಂಟರಿನ ಕೆಲಸ. ಕಮಾಂಡೋ ಕೋರ್ಸಿಗೆ ಹೋಗುವವರು ಆಗಲೇ ಸೈನ್ಯದಲ್ಲಿ ಇರುವವರು. ಈ ಪದ ಹಾಗೇ ಇದ್ದರೆ ನಾಳೆ ರಜೆಗೆ ಬಂದ ತಮ್ಮನೇ ಊರ ಮಾಜಿ ಸೈನಿಕರ ಮುಂದೆ ತಲೆ ತಗ್ಗಿಸಬೇಕಾಗುತ್ತದೆ. ಕಾಕಾ ಈ ಪದವನ್ನು ತಕರಾರಿಲ್ಲದೆ ತೆಗೆದರು.

"ಆಯ್ಕೆಯಾಗಿ" ಅನ್ನುವುದೂ ಹಳೆಯ ಮಾತು. ಆಯ್ಕೆ ನಡೆದದ್ದು ರ್‍ಯಾಲಿಯಲ್ಲಿ. 1,600 ಮೀಟರ್ ಓಟವನ್ನು ಐದೂವರೆ ನಿಮಿಷದೊಳಗೆ ಮುಗಿಸಿದರೆ ಮೊದಲ ಗುಂಪು, ಅದಕ್ಕೆ ಪೂರ್ತಿ ಅಂಕ. ತಮ್ಮ ಅದಕ್ಕಾಗಿ ಎರಡು ವರ್ಷ ಕೆನಾಲ್ ದಂಡೆಯ ಮೇಲೆ ಓಡಿದ್ದ. ಆಯ್ಕೆಯಾದ ಮೇಲೂ ಅವನು ರಿಕ್ರೂಟ್ ಅಷ್ಟೇ. ಸೈನಿಕ ಆಗುವುದು ಪರೇಡಿನ ದಿನ, ಪ್ರಮಾಣ ಮಾಡಿದ ಮೇಲೆ. ಅದಕ್ಕೇ ಜವಾನರ ಸೆಂಟರುಗಳಲ್ಲಿ ಆ ಪರೇಡಿಗೆ ಕಸಮ್ ಪರೇಡ್ ಅನ್ನುತ್ತಾರೆ. ಕಸಮ್ ಅಂದರೆ ಆಣೆ. ರಾಷ್ಟ್ರಧ್ವಜದ ಎದುರು, ಅವರವರ ಧರ್ಮಗ್ರಂಥದ ಸಾಕ್ಷಿಯಲ್ಲಿ, ಆಜ್ಞೆಯಾದರೆ ನೆಲ, ಜಲ, ಆಕಾಶ ಎಲ್ಲಿಗಾದರೂ ಹೋಗುತ್ತೇನೆ, ಪ್ರಾಣ ಹೋದರೂ ಸರಿ ಅಂತ ಹುಡುಗರು ಒಟ್ಟಿಗೆ ಹೇಳುತ್ತಾರೆ. "ಪಾಸಿಂಗ್ ಔಟ್" ಅಂದರೂ ತಪ್ಪಿಲ್ಲ, ಎಲ್ಲರೂ ಹಾಗೇ ಅನ್ನುತ್ತಾರೆ. ಆದರೆ ಅದು ಕೇಳಿದರೆ ಕಾಲೇಜು ಮುಗಿಸಿದ ಹಾಗಿರುತ್ತದೆ. "ಕಸಮ್ ಪರೇಡಿನಲ್ಲಿ ಪ್ರಮಾಣ ಸ್ವೀಕರಿಸಿದ" ಅಂತ ಬರೆದರೆ ಆ ದಿನ ಏನಾಯಿತು ಅನ್ನುವುದೇ ಕಾಣುತ್ತದೆ.

ಇಲ್ಲಿ ಇನ್ನೊಂದು ಗೊಂದಲವೂ ಆಗುತ್ತದೆ. ಡೆಹ್ರಾಡೂನಿನ ಇಂಡಿಯನ್ ಮಿಲಿಟರಿ ಅಕಾಡೆಮಿಯ ಪರೇಡಿನಲ್ಲಿ ತಂದೆ ತಾಯಿ ಮಗನ ಹೆಗಲಿಗೆ ಸ್ಟಾರ್ ಹಾಕುವ ವಿಡಿಯೊ ಎಲ್ಲರ ಮೊಬೈಲಿಗೂ ಬರುತ್ತದೆ. ಅದು ಅಧಿಕಾರಿಗಳ ಪರೇಡ್. ಅದನ್ನು ನೋಡಿ ಜವಾನರ ಫೋಟೊಕ್ಕೂ "ಮಗನಿಗೆ ಸ್ಟಾರ್ ತೊಡಿಸಿದ ಕ್ಷಣ" ಅಂತ ಹಾಕುವವರಿದ್ದಾರೆ. ಜವಾನರ ಪರೇಡಿನಲ್ಲಿ ನಡೆಯುವುದು ಬೇರೆ. ಅನೇಕ ಸೆಂಟರುಗಳಲ್ಲಿ ಅಲ್ಲಿ ತಂದೆ ತಾಯಿಗೇ ಪದಕ ಹಾಕುತ್ತಾರೆ. ಅದರ ಹೆಸರೇ ಗೌರವ್ ಪದಕ. ಮಗನನ್ನು ಸೈನ್ಯಕ್ಕೆ ಕೊಟ್ಟಿದ್ದಕ್ಕೆ ಹೆತ್ತವರಿಗೆ ಸಲ್ಲುವ ಗೌರವ ಅದು.

ಇದನ್ನು ಹೇಳಿದಾಗ ಕಾಕಾ ಮೊಬೈಲ್ ತೆಗೆದು ಫೋಟೊ ಮತ್ತೆ ನೋಡಿದರು. ಪದಕ ಇದ್ದದ್ದು ಕಾಕುವಿನ ಸೆರಗಿನ ಮೇಲೆ. ಆದರೆ ಅವರ ಸಾಲಿನಲ್ಲಿ ಪದಕ ಮಗನಿಗೆ ಹೋಗಿತ್ತು, ಕಾಕುವಿನ ಹೆಸರು ಎಲ್ಲೂ ಇರಲಿಲ್ಲ. ಒಳಗೆ ರೊಟ್ಟಿ ಬಡಿಯುತ್ತಿದ್ದ ಕಾಕು ಅಲ್ಲಿಂದಲೇ ಅಂದಳು: "ಪಿನ್ನು ಹಾಕೂಮುಂದ ಸಾಹೇಬ್ರು ನನ್ನ ಹೆಸರು ಕೇಳಿದ್ರು. ನಿಮ್ಮ ಕಾಕಾಗ ಅದು ನೆನಪಿಲ್ಲ."

ಮುಂದಿನ ಪದದಲ್ಲಿ ಮಾತ್ರ ನಮಗಿಬ್ಬರಿಗೂ ಜಗಳವೇ ಆಯಿತು. ಕಾಕಾ ಬರೆದದ್ದು "ವೀರ ಯೋಧ". "ಅಗ್ನಿವೀರ" ಅಂತ ಬರೆಯೋಣ ಅಂದೆ ನಾನು.

"ಅದನ್ನ ಬರೀಬ್ಯಾಡ. ನಾಕ ವರ್ಷದ ನೌಕರಿ ಅಂತ ಮಂದಿ ಈಗ ಆಡಿಕೊಳ್ಳಾಕ ಹತ್ತ್ಯಾರ. ನಾಳೆ ಹೆಣ್ಣ ಕೇಳಾಕ ಹೋದ್ರ ಇದನ್ನ ತೋರಸ್ತಾರ."

ಅವರ ಹೆದರಿಕೆಗೆ ಕಾರಣವಿದೆ. ಅಗ್ನಿಪಥ ಯೋಜನೆ 2022ರ ಜೂನ್‌ನಲ್ಲಿ ಬಂತು. ಸೇವೆ ನಾಲ್ಕು ವರ್ಷ. ಆಮೇಲೆ ಒಂದು ಬ್ಯಾಚಿನಲ್ಲಿ ಶೇಕಡ 25ರವರೆಗೆ ಹುಡುಗರನ್ನು ಕಾಯಂ ಸೇವೆಗೆ ತೆಗೆದುಕೊಳ್ಳುತ್ತಾರೆ ಅಂತ ಆಗ ಪ್ರಕಟಿಸಿದ ನಿಯಮ ಹೇಳುತ್ತದೆ. ಮೊದಲ ವರ್ಷ ತಿಂಗಳಿಗೆ 30,000 ರೂಪಾಯಿ ನಿಗದಿ, ಅದರಲ್ಲಿ 9,000 ಸೇವಾನಿಧಿಗೆ ಕಡಿತವಾಗಿ ಕೈಗೆ 21,000. ಉಳಿದವರು ನಾಲ್ಕು ವರ್ಷದ ಮೇಲೆ ಸೇವಾನಿಧಿ ತೆಗೆದುಕೊಂಡು ಊರಿಗೆ ಬರುತ್ತಾರೆ, ಪಿಂಚಣಿ ಇಲ್ಲ. ಇದೆಲ್ಲ ಊರಿಗೆ ಗೊತ್ತಿರುವ ಲೆಕ್ಕ.

ನಾನು ಕಾಕಾಗೆ ಹೇಳಿದ್ದು ಇಷ್ಟೇ: ಊರಿಗೆ ಗೊತ್ತಿರುವುದನ್ನು ಫ್ಲೆಕ್ಸ್‌ನಿಂದ ಮುಚ್ಚಲು ಆಗುವುದಿಲ್ಲ. ಹೆಣ್ಣಿನ ಕಡೆಯವರು ಹೇಗೂ ಕೇಳಿಯೇ ಕೇಳುತ್ತಾರೆ. ಮುಚ್ಚಿಟ್ಟಿದ್ದು ಆಮೇಲೆ ಗೊತ್ತಾದರೆ ಮಾತು ಹುಡುಗನ ಮೇಲೆ ಬರುತ್ತದೆ. ತಮ್ಮನ ಕಾಗದಗಳಲ್ಲಿ ಅವನು ಅಗ್ನಿವೀರ. ಅದೇ ಮೈದಾನ, ಅದೇ ಉಸ್ತಾದರು, ಅದೇ ಆಣೆ. ಆ ಹೆಸರಿನಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಕಾಕಾ ಒಪ್ಪಲಿಲ್ಲ. ಕೊನೆಗೆ ಫೋನ್ ಮಾಡಿ ತಮ್ಮನನ್ನೇ ಕೇಳಿದೆವು. "ಅಪ್ಪಾ, ನಾನು ಅದ ಅದೇನಿ, ಅದನ್ನ ಬರೀರಿ" ಅಂದ. ಅಲ್ಲಿಗೆ ಅದು ಮುಗಿಯಿತು.

ಇನ್ನು ಉಳಿದದ್ದು ನಿಜವಾಗಿದ್ದರೂ ಹೇಳಬಾರದ ಭಾಗ. ಆರ್ಮಿ ನಂಬರ್, ಯಾವ ಬೆಟಾಲಿಯನ್, ಯಾವ ಊರು, ಯಾವ ದಿನದ ರೈಲು. ಕಾಕಾ ಅದೆಲ್ಲ ಹಾಕಿದ್ದು ಸುದ್ದಿ ಪೂರ್ತಿ ಇರಲಿ ಅಂತ. ನಾವು ಕಾಲೇಜಿನಲ್ಲಿ ಕಲಿತದ್ದೂ ಯಾರು, ಏನು, ಎಲ್ಲಿ, ಯಾವಾಗ ಅಂತಲೇ. ಆದರೆ ಈ ಫೋಟೊದಲ್ಲಿ ಹೇಳಬಹುದಾದ "ಎಲ್ಲಿ, ಯಾವಾಗ" ಮುಗಿದುಹೋದ ಪರೇಡಿನದು ಮಾತ್ರ. ಪರೇಡ್ ಪತ್ರಿಕೆಯಲ್ಲಿ ಬರುತ್ತದೆ, ಸೆಂಟರ್ ಎಲ್ಲಿದೆ ಎಲ್ಲರಿಗೂ ಗೊತ್ತು. ಮುಂದೆ ಅವನು ಎಲ್ಲಿಗೆ ಹೋಗುತ್ತಾನೆ ಅನ್ನುವುದು ಸೈನ್ಯದ ವಿಷಯ. ಒಬ್ಬ ಹುಡುಗನದು ಹೇಳಿದರೆ ಏನಾಗುತ್ತದೆ ಅನ್ನಿಸಬಹುದು. ಒಂದೇ ಬ್ಯಾಚಿನ ಹತ್ತು ಮನೆಯವರು ಹತ್ತು ಸ್ಟೇಟಸ್ ಹಾಕಿದರೆ ಯಾವ ಪಡೆ ಯಾವಾಗ ಎಲ್ಲಿಗೆ ಸಾಗುತ್ತಿದೆ ಅನ್ನುವುದನ್ನು ಕೂತಲ್ಲೇ ಕೂಡಿಸಬಹುದು. 2020ರ ಜುಲೈನಲ್ಲಿ ಸೈನ್ಯ ತನ್ನವರಿಗೆ ಫೇಸ್‌ಬುಕ್ ಸೇರಿ 89 ಆ್ಯಪ್‌ಗಳನ್ನು ಮೊಬೈಲಿನಿಂದ ತೆಗೆಯಲು ಹೇಳಿದ್ದು ಮಾಹಿತಿ ಸೋರದಿರಲಿ ಅಂತಲೇ.

ನಂಬರಿಗೆ ಇನ್ನೊಂದು ಅಪಾಯವಿದೆ. ಹಳೆಯ ಬೈಕು, ಫ್ರಿಜ್ಜು ಮಾರುತ್ತೇನೆ ಅಂತ ಆನ್‌ಲೈನಿನಲ್ಲಿ ಮೋಸ ಮಾಡುವವರು "ನಾನು ಆರ್ಮಿಯವನು, ವರ್ಗ ಆಗಿದೆ, ಬೇಗ ಕೊಡಬೇಕು" ಅಂತ ಸೈನಿಕರ ಫೋಟೊ, ಗುರುತಿನ ಚೀಟಿ ತೋರಿಸುವುದು ಬಹಳ ಕಡೆ ನಡೆದಿದೆ. ಯೂನಿಫಾರ್ಮಿನ ಸ್ಪಷ್ಟ ಫೋಟೊ, ಪೂರ್ತಿ ಹೆಸರು, ನಂಬರ್ ಒಟ್ಟಿಗೆ ಸಿಕ್ಕರೆ ಅವರ ಅರ್ಧ ಕೆಲಸ ನಾವೇ ಮಾಡಿಕೊಟ್ಟಂತೆ. ಗುರುತಿನ ಚೀಟಿ ಹಿಡಿದು ನಿಂತ ಫೋಟೊ ಇದ್ದರೆ ಅದನ್ನಂತೂ ಎಲ್ಲೂ ಹಾಕಬೇಡಿ.

ಪೊಲೀಸ್ ಮನೆಯವರಿಗೂ ಒಂದು ಮಾತು. ಅಲ್ಲಿ ಪರೇಡಿಗೆ ನಿರ್ಗಮನ ಪಥಸಂಚಲನ ಅನ್ನುತ್ತಾರೆ. ಸಿವಿಲ್ ಪೊಲೀಸ್ ಕಾನ್‌ಸ್ಟೇಬಲ್ ಠಾಣೆಗೆ ಹೋಗುತ್ತಾರೆ, ಸಶಸ್ತ್ರ ಪೊಲೀಸ್ ಕಾನ್‌ಸ್ಟೇಬಲ್ ಜಿಲ್ಲಾ ಸಶಸ್ತ್ರ ಮೀಸಲು ಪಡೆಗೋ ನಗರದ ಸಶಸ್ತ್ರ ಪಡೆಗೋ ಹೋಗುತ್ತಾರೆ. ಇದಕ್ಕೆಲ್ಲ ಬರೇ "ಪೊಲೀಸ್ ಅಧಿಕಾರಿ" ಅಂತ ಬರೆದರೆ ಮಗಳು ಪಿಎಸ್‌ಐ ಆದಳು ಅಂತಲೇ ಊರು ತಿಳಿಯುತ್ತದೆ. ಇದ್ದ ಹುದ್ದೆಯ ಹೆಸರನ್ನೇ ಹಾಕಿ.

ಕೊನೆಗೆ ಫೋಟೊ ಆರಿಸಿದೆವು. ಕಾಕಾಗೆ ಇಷ್ಟವಾದದ್ದು ಸಾಲಾಗಿ ನಡೆಯುವ ಹುಡುಗರದು. ಎಲ್ಲರೂ ಒಂದೇ ಎತ್ತರ, ಎಲ್ಲರ ಮುಖವೂ ವೇದಿಕೆಯ ಕಡೆಗೆ. ತಮ್ಮ ಯಾರು ಅಂತ ಕಾಕುವೇ ಎರಡು ಸಲ ತಪ್ಪು ತೋರಿಸಿದಳು. ಅಂಥ ಫೋಟೊ ಹಾಕಿದರೆ "ಎಡದಿಂದ ಮೂರನೆಯವರು" ಅಂತ ಬರೆಯಲೇಬೇಕು. ಎಡ ಅಂದರೆ ನೋಡುವವರ ಎಡ, ಫೋಟೊದಲ್ಲಿ ನಿಂತವರದ್ದಲ್ಲ. ಬೇರೆ ಹುಡುಗರ ಎದೆಯ ಮೇಲಿನ ಹೆಸರಪಟ್ಟಿಯೂ ಅದರಲ್ಲಿ ಓದಲು ಬರುತ್ತಿತ್ತು. ಅದಕ್ಕೆ ಪದಕ ಧರಿಸಿದ ಕಾಕು, ಮಗ, ಕಾಕಾ ಮೂವರೇ ಇದ್ದ ಫೋಟೊ ತೆಗೆದುಕೊಂಡೆವು. ಕೆಳಗೆ ಬರೆದದ್ದು ಹೀಗೆ:

"ಬೆಳಗಾವಿಯ ಮರಾಠಾ ಲೈಟ್ ಇನ್‌ಫೆಂಟ್ರಿ ರೆಜಿಮೆಂಟಲ್ ಸೆಂಟರಿನಲ್ಲಿ ತರಬೇತಿ ಮುಗಿಸಿ, ಕಸಮ್ ಪರೇಡಿನಲ್ಲಿ ಪ್ರಮಾಣ ಸ್ವೀಕರಿಸಿದ ನಮ್ಮ ಮಗ, ಅಗ್ನಿವೀರ (ಹೆಸರು), ನಡುವೆ. ಎಡಕ್ಕೆ, ಪೋಷಕರಿಗೆ ನೀಡುವ ಗೌರವ್ ಪದಕ ಧರಿಸಿರುವ ತಾಯಿ (ಹೆಸರು). ಬಲಕ್ಕೆ ತಂದೆ (ಹೆಸರು). ಕೆನಾಲ್ ದಂಡೆಯ ಮೇಲೆ ಇವನ ಜೊತೆ ಓಡಿದ ಗೆಳೆಯರಿಗೆಲ್ಲ ನಮ್ಮ ನಮಸ್ಕಾರ."

ಕೊನೆಯ ಸಾಲು ಕಾಕಾನದು, ನಾನು ಮುಟ್ಟಲಿಲ್ಲ. ಆ ಗೆಳೆಯರಲ್ಲಿ ಮೂವರಿಗೆ ಇನ್ನೂ ಆಯ್ಕೆ ಆಗಿಲ್ಲ. ಫ್ಲೆಕ್ಸ್ ಕಟ್ಟಲು ಏಣಿ ತಂದವರು ಅವರೇ. ರಜೆ ಮುಗಿದು ತಮ್ಮ ರೈಲು ಹತ್ತಿದ ದಿನ ಕಾಕಾನ ಸ್ಟೇಟಸ್ ಖಾಲಿ ಇತ್ತು.